ಕಪ್ಪು ಮೊದಲು, ಚೂಪು ಆಮೇಲೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಓದುಗರಿಂದ ಈಚೆಗೆ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಒಂದೇ. ಮನೆಯಲ್ಲಿ ಹಳೆಯ ಕನ್ನಡ ಚಿತ್ರಗಳ ವಿಸಿಡಿಗಳಿವೆ, ಯಾರೋ ಪೆನ್‌ಡ್ರೈವಿಗೆ ಹಾಕಿಕೊಟ್ಟ ಫೈಲುಗಳಿವೆ. ಲ್ಯಾಪ್‌ಟಾಪಿನಲ್ಲೋ ದೊಡ್ಡ ಟಿವಿಯಲ್ಲೋ ಹಾಕಿದರೆ ಮುಖ ಮಸುಕು, ಕತ್ತಲೆಯ ದೃಶ್ಯ ಬರೀ ಮಬ್ಬು, ಅಂಚೆಲ್ಲ ಹಲ್ಲುಹಲ್ಲು. ಏನು ಮಾಡಬೇಕು? ಕೊರಟಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಕೇಳಿದ್ದು ಇನ್ನೂ ನೇರವಾಗಿತ್ತು: “ಬ್ರೈಟ್‌ನೆಸ್ ಜಾಸ್ತಿ ಮಾಡಿದ್ರೆ ಎಲ್ಲಾ ಬೂದಿ ಬಳಿದ ಹಾಗಾಗುತ್ತೆ ಸ್ವಾಮಿ, ಕಡಿಮೆ ಮಾಡಿದ್ರೆ ಏನೂ ಕಾಣಲ್ಲ. ನಡುವೆ ಎಲ್ಲಿ ನಿಲ್ಲಿಸೋದು?”

ನಡುವೆ ಎಲ್ಲಿ ನಿಲ್ಲಿಸಿದರೂ ಸರಿಹೋಗುವುದಿಲ್ಲ. ಆ ಒಂದು ಗುಂಡಿ ಮಾಡಬಲ್ಲ ಕೆಲಸವೇ ಬೇರೆ. ಇಂಥ ಚಿತ್ರವನ್ನು ಸರಿಪಡಿಸುವುದಕ್ಕೆ ಒಂದು ಅನುಕ್ರಮವಿದೆ: ಮೊದಲು ಕಪ್ಪು, ಆಮೇಲೆ ಬಿಳಿ, ಅದಾದ ಮೇಲೆ ನಡುವಿನ ನೆರಳು, ಎಲ್ಲ ಮುಗಿದ ಮೇಲೆ ಚೂಪು. ಬಹಳ ಮಂದಿ ತಲೆಕೆಳಗು ಮಾಡುತ್ತಾರೆ. ಶೇಡರ್ ಎಂಬ ಹೊಸ ಹೆಸರು ಕಿವಿಗೆ ಬಿದ್ದ ಕೂಡಲೇ ಅದನ್ನೇ ಮೊದಲು ಹಾಕುತ್ತಾರೆ. ಮಬ್ಬು ಚಿತ್ರಕ್ಕೆ ಚೂಪು ಸೇರಿದರೆ ಚೂಪಾದ ಮಬ್ಬು ಸಿಗುತ್ತದೆ, ಅಷ್ಟೆ.

ಉದಾಹರಣೆಗೆ ‘ಬೇಡರ ಕಣ್ಣಪ್ಪ’ವನ್ನೇ ತೆಗೆದುಕೊಳ್ಳುತ್ತೇನೆ. 1954ರ ಚಿತ್ರ. ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ, ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ. ಅದರ ಹಿಂದೆ ನಿಂತದ್ದು ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್. ತಿಪಟೂರಿನ ನರಸಿಂಹರಾಜು ಪರದೆಗೆ ಬಂದದ್ದೂ ಇದರಲ್ಲೇ. ಹೀಗಾಗಿ ತುಮಕೂರು ಸೀಮೆಯ ಮನೆಗಳಲ್ಲಿ ಇದರ ಒಂದಲ್ಲ ಒಂದು ಪ್ರತಿ ಇದ್ದೇ ಇರುತ್ತದೆ. ನನ್ನ ಹತ್ತಿರ ಇರುವುದು ವಿಸಿಡಿ ಅಳತೆಯ ಫೈಲು. ಅದರ ಮೇಲೆ ಮಾಡಿದ ಕೆಲಸವನ್ನೇ ಇಲ್ಲಿ ಹೇಳುತ್ತೇನೆ.

ವಿಸಿಡಿಯಲ್ಲಿ ಏನಿದೆ ಎಂಬುದು ಗೊತ್ತಿದ್ದರೆ ಮುಂದಿನದು ಸುಲಭ. ಅದರ ಒಂದೊಂದು ಚೌಕಟ್ಟಿನಲ್ಲೂ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ, ಸೆಕೆಂಡಿಗೆ 25 ಚೌಕಟ್ಟು. ಒಟ್ಟು ಲೆಕ್ಕ ಹಾಕಿದರೆ ಒಂದು ಚೌಕಟ್ಟಿಗೆ ಸುಮಾರು ಒಂದು ಲಕ್ಷ ಚುಕ್ಕೆ. ಇದೇ ಚಿತ್ರವನ್ನು 1080 ಗೆರೆಯ ಟಿವಿಯ ಮೇಲೆ ಹಿಗ್ಗಿಸಿದಾಗ ಅದು ತುಂಬುವ ಜಾಗ 1440 ಅಡ್ಡ, 1080 ಉದ್ದ, ಅಂದರೆ ಹದಿನೈದೂವರೆ ಲಕ್ಷ ಚುಕ್ಕೆ. ಒಂದು ನಿಜವಾದ ಚುಕ್ಕೆಗೆ ಹದಿನಾಲ್ಕು ಚುಕ್ಕೆಗಳನ್ನು ಪ್ಲೇಯರ್ ತಾನೇ ಊಹಿಸಿ ತುಂಬಬೇಕು. ಜೊತೆಗೆ ಆ ಒಂದು ಲಕ್ಷ ಚುಕ್ಕೆಗಳೂ ಶುದ್ಧವಾಗಿರುವುದಿಲ್ಲ. ಸವೆದ ಪ್ರಿಂಟಿನಿಂದ ಟೇಪಿಗೆ, ಟೇಪಿನಿಂದ ಡಿಸ್ಕಿಗೆ ಇಳಿಯುವಾಗ ಕಪ್ಪು ಮೇಲೆದ್ದು ಬೂದಿಯಾಗಿರುತ್ತದೆ, ಬಿಳಿ ಕುಗ್ಗಿರುತ್ತದೆ. ಸೆಕೆಂಡಿಗೆ 1150 ಕಿಲೋಬಿಟ್‌ಗಳಲ್ಲಿ ಎಲ್ಲವನ್ನೂ ಹಿಡಿಸುವುದಕ್ಕೆ ಚಿತ್ರವನ್ನು 8×8 ಚುಕ್ಕೆಗಳ ಚೌಕಗಳಾಗಿ ಕತ್ತರಿಸಿ ಒತ್ತಿರುತ್ತಾರೆ. ನೆರಳಿನ ಜಾಗದಲ್ಲಿ ಆ ಚೌಕಗಳು ಬರಿಗಣ್ಣಿಗೇ ಕಾಣುತ್ತವೆ.

ನಾನು ಬಳಸುವುದು ಎಂಪಿವಿ ಎಂಬ ಉಚಿತ ಪ್ಲೇಯರ್. ಬ್ರೈಟ್‌ನೆಸ್, ಕಾಂಟ್ರಾಸ್ಟ್, ಗಾಮಾ ಮೂರೂ ವಿಎಲ್‌ಸಿಯಲ್ಲೂ ಇವೆ. ಶೇಡರ್‌ಗಳನ್ನು ಸುಲಭವಾಗಿ ಸೇರಿಸಲು ಎಂಪಿವಿ ಅನುಕೂಲ. ಇದರಲ್ಲಿ ಕೀಬೋರ್ಡಿನ 1 ಮತ್ತು 2 ಒತ್ತಿದರೆ ಕಾಂಟ್ರಾಸ್ಟ್ ಇಳಿಯುತ್ತದೆ, ಏರುತ್ತದೆ. 3 ಮತ್ತು 4 ಬ್ರೈಟ್‌ನೆಸ್, 5 ಮತ್ತು 6 ಗಾಮಾ, 7 ಮತ್ತು 8 ಬಣ್ಣದ ಗಾಢತೆ. ಒಂದೊಂದೂ ಸೊನ್ನೆಯಿಂದ ಶುರುವಾಗಿ ಮೇಲಕ್ಕೆ 100, ಕೆಳಕ್ಕೆ 100ರವರೆಗೆ ಹೋಗುತ್ತದೆ.

ಇವುಗಳಲ್ಲಿ ಮೊದಲ ಮೂರು ಗುಂಡಿಗಳ ಸ್ವಭಾವ ಬೇರೆ ಬೇರೆ. ಬ್ರೈಟ್‌ನೆಸ್ ಎಲ್ಲ ಚುಕ್ಕೆಗೂ ಒಂದೇ ಅಳತೆಯ ಬೆಳಕನ್ನು ಕೂಡಿಸುತ್ತದೆ ಇಲ್ಲವೇ ಕಳೆಯುತ್ತದೆ. ಕಪ್ಪಿಗೂ ಅಷ್ಟೇ, ಬಿಳಿಗೂ ಅಷ್ಟೇ. ಅದಕ್ಕೇ ಮೇಷ್ಟ್ರ ಮನೆಯಲ್ಲಿ ಬೂದಿ ಬಳಿದಂತಾದದ್ದು: ಮುಖ ಬೆಳಗಲಿ ಎಂದು ಏರಿಸಿದ ಬೆಳಕು ಕತ್ತಲಿಗೂ ಸೇರಿತು. ಕಾಂಟ್ರಾಸ್ಟ್ ಗುಣಿಸುತ್ತದೆ, ಹಾಗಾಗಿ ಕಪ್ಪಿಗೂ ಬಿಳಿಗೂ ನಡುವಿನ ಅಂತರ ಹಿಗ್ಗುತ್ತದೆ. ಗಾಮಾ ಮಾತ್ರ ಅಪ್ಪಟ ಕಪ್ಪನ್ನೂ ಅಪ್ಪಟ ಬಿಳಿಯನ್ನೂ ಇದ್ದಲ್ಲೇ ಬಿಟ್ಟು ನಡುವಿನ ಛಾಯೆಗಳನ್ನಷ್ಟೇ ಎತ್ತುತ್ತದೆ ಅಥವಾ ಇಳಿಸುತ್ತದೆ. ಮುಖ ಕಾಣಬೇಕು, ಆದರೆ ಕತ್ತಲು ಕತ್ತಲಾಗಿಯೇ ಇರಬೇಕು ಎನ್ನುವವರಿಗೆ ಬೇಕಾದದ್ದು ಗಾಮಾ.

ಆದರೆ ಗಾಮಾ ಮುಟ್ಟುವ ಮೊದಲು ಕಪ್ಪು ನಿಜವಾಗಿ ಕಪ್ಪಾಗಿರಬೇಕು. ಅದನ್ನು ನೋಡುವುದಕ್ಕೆ ಯಂತ್ರ ಬೇಡ. ಹಳೆಯ ಚಿತ್ರ 4:3 ಅಳತೆಯದು, ಪರದೆ ಅಗಲ, ಆದ್ದರಿಂದ ಚಿತ್ರದ ಎಡಬಲಕ್ಕೆ ಪ್ಲೇಯರ್ ಎರಡು ಕಪ್ಪು ಪಟ್ಟಿ ಬಿಡುತ್ತದೆ. ಆ ಪಟ್ಟಿ ನಿಮ್ಮ ಪರದೆ ತೋರಿಸಬಲ್ಲ ಅಪ್ಪಟ ಕಪ್ಪು. ಒಂದು ದೃಶ್ಯ ಮುಗಿದು ಇನ್ನೊಂದಕ್ಕೆ ಹೋಗುವಾಗ ಪರದೆ ಪೂರ್ತಿ ಕತ್ತಲಾಗುವ ಕ್ಷಣ ಈ ಕಾಲದ ಚಿತ್ರಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅಲ್ಲಿ ನಿಲ್ಲಿಸಿ. ಚಿತ್ರದ ಕತ್ತಲೂ ಪಕ್ಕದ ಪಟ್ಟಿಯೂ ಬೆರೆತು ಒಂದಾದರೆ ಕಪ್ಪು ಸರಿಯಿದೆ. ನಡುವೆ ಬೂದುಬಣ್ಣದ ಆಯತ ಎದ್ದು ಕಂಡರೆ ಕಪ್ಪು ಮೇಲೆದ್ದಿದೆ ಎಂದರ್ಥ.

ನನ್ನ ಪ್ರತಿಯಲ್ಲಿ ಆಯತ ಎದ್ದು ಕಾಣುತ್ತಿತ್ತು. ಕಪ್ಪು ಇರಬೇಕಾದ ಸೊನ್ನೆಯಲ್ಲಿರದೆ ನೂರಕ್ಕೆ ಸುಮಾರು ಆರರಷ್ಟು ಮೇಲಿತ್ತು, ಅತಿ ಬಿಳಿಯಾದ ಪಂಚೆ ನೂರಕ್ಕೆ ಮುಟ್ಟದೆ ಎಂಬತ್ತೆಂಟರ ಹತ್ತಿರ ನಿಂತಿತ್ತು. ಕಾಂಟ್ರಾಸ್ಟನ್ನು 20ಕ್ಕೆ ಏರಿಸಿದೆ. ಗುಣಿಸುವ ಗುಂಡಿಯಾದ್ದರಿಂದ ಬೂದಿಯೂ ಇನ್ನಷ್ಟು ಎದ್ದಿತು. ಆಮೇಲೆ ಬ್ರೈಟ್‌ನೆಸ್ಸನ್ನು −8ಕ್ಕೆ ಇಳಿಸಿದಾಗ ಆಯತ ಪಟ್ಟಿಯೊಳಗೆ ಕರಗಿತು, ಪಂಚೆ ತೊಂಬತ್ತೆಂಟರ ಹತ್ತಿರ ಬಂದು ನಿಂತಿತು. ಈ ಎರಡು ಗುಂಡಿಗಳನ್ನು ಯಾವಾಗಲೂ ಜೋಡಿಯಾಗಿ ತಿರುಗಿಸಬೇಕು, ಒಂದನ್ನು ಮುಟ್ಟಿದರೆ ಇನ್ನೊಂದರ ಲೆಕ್ಕ ತಪ್ಪುತ್ತದೆ.

ಕಾಂಟ್ರಾಸ್ಟ್ ಅತಿಯಾದರೆ ಹೇಗೆ ತಿಳಿಯುತ್ತದೆ? ಪಂಚೆಯ ನೆರಿಗೆ ನೋಡಿ, ಹಣೆಯ ವಿಭೂತಿ ನೋಡಿ. ನೆರಿಗೆಗಳು ಅಳಿಸಿ ಪಂಚೆ ಒಂದೇ ಬಿಳಿಯ ಹಾಳೆಯಾದರೆ, ವಿಭೂತಿಯ ಮೂರು ಗೆರೆ ಹಣೆಯ ಹೊಳಪಿನಲ್ಲಿ ಕಲಸಿಹೋದರೆ ಮಿತಿ ಮೀರಿದೆ. ಭಕ್ತಿಚಿತ್ರಗಳಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಇಲ್ಲ, ಪ್ರತಿ ಎರಡನೇ ದೃಶ್ಯದಲ್ಲೂ ವಿಭೂತಿ ಇರುತ್ತದೆ.

ಈಗ ನೆರಳು. ಕಪ್ಪನ್ನು ಕೆಳಗಿಳಿಸಿದಾಗ ಅದರ ಹತ್ತಿರದ ಛಾಯೆಗಳೂ ಜೊತೆಗೆ ಇಳಿಯುತ್ತವೆ. ಮೊದಲು ನೂರಕ್ಕೆ ಇಪ್ಪತ್ತರಲ್ಲಿದ್ದ ಕೆನ್ನೆಯ ನೆರಳು ಹದಿನಾರಕ್ಕೆ ಬಂದಿರುತ್ತದೆ. ಗಾಮಾವನ್ನು 8ಕ್ಕೆ ಏರಿಸಿದರೆ ಅದು ಇಪ್ಪತ್ತೊಂದಕ್ಕೆ ಮರಳುತ್ತದೆ, ಕಪ್ಪು ಮಾತ್ರ ಸೊನ್ನೆಯಲ್ಲೇ ಉಳಿಯುತ್ತದೆ. ಅಂದರೆ ಮುಖದ ಬೆಳಕು ಮೊದಲಿದ್ದಷ್ಟೇ, ಹಿಂದಿನ ಬೂದಿ ಮಾತ್ರ ಇಲ್ಲ. ಮೂರು ಗುಂಡಿಯ ಕೆಲಸ ಇಷ್ಟೇ. ಆದರೂ ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಶೇಡರನ್ನು ಕೇಳುವುದನ್ನೇ ಮರೆಯುತ್ತಾರೆ. ಚಿತ್ರದ ಚೆಲುವಿನಲ್ಲಿ ಮುಕ್ಕಾಲು ಪಾಲು ಇಲ್ಲೇ ಬಂದುಬಿಟ್ಟಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಾಮಾವನ್ನು 20, 30ಕ್ಕೆ ಏರಿಸುವ ಆಸೆ ಬರುತ್ತದೆ, ಮುಖ್ಯವಾಗಿ ಕಣ್ಣಪ್ಪ ಲಿಂಗದ ಮುಂದೆ ನಿಲ್ಲುವ ಗುಡಿಯೊಳಗಿನ ದೃಶ್ಯಗಳಲ್ಲಿ. ಏರಿಸಿ ನೋಡಿ, ತಪ್ಪಿಲ್ಲ. ಕತ್ತಲಿನಿಂದ ಕಲ್ಲಿನ ಗೆರೆ, ಕಂಬದ ಅಂಚು, ಕೂದಲ ಎಳೆ ಎದ್ದು ಬಂದರೆ ಅಲ್ಲಿ ಚಿತ್ರ ಉಳಿದಿದೆ, ಎತ್ತಬಹುದು. ಬದಲಿಗೆ ಒಂದೇ ಬಣ್ಣದ ಚಪ್ಪಟೆ ಚೌಕಗಳು, ಮೆಟ್ಟಿಲು ಮೆಟ್ಟಿಲಾದ ಬೂದು ಪಟ್ಟೆಗಳು ಎದ್ದರೆ ಅಲ್ಲಿ ಚಿತ್ರವೇ ಇಲ್ಲ. ಡಿಸ್ಕ್ ಮಾಡಿದ ದಿನವೇ ಅದು ಅಳಿಸಿಹೋಗಿದೆ, ಯಾವ ಗುಂಡಿಯೂ ತರಲಾರದು. ಅಲ್ಲಿ ಗಾಮಾ ಇಳಿಸಿ ಕತ್ತಲನ್ನು ಕತ್ತಲಾಗಿಯೇ ಬಿಡುವುದು ಒಳ್ಳೆಯದು.

ನೋಡುವ ಕೋಣೆಯೂ ಲೆಕ್ಕಕ್ಕೆ ಬರುತ್ತದೆ. ಪಾವಗಡದ ಬಿಸಿಲಿನಲ್ಲಿ ಕಿಟಕಿ ತೆರೆದ ಹಜಾರದಲ್ಲಿ ಮಧ್ಯಾಹ್ನ ಕುಳಿತು ಗಾಮಾ ಹೊಂದಿಸಿದರೆ, ಅದೇ ಲೆಕ್ಕ ರಾತ್ರಿ ದೀಪ ಆರಿಸಿದಾಗ ತೀರಾ ತೆಳುವಾಗಿ ಕಾಣುತ್ತದೆ. ಹಗಲಿಗೆ ಪರದೆಯ ಬೆಳಕನ್ನೇ ಏರಿಸಿ, ಚಿತ್ರದ ಗಾಮಾವನ್ನು ಸಂಜೆ ಹೊಂದಿಸಿ. ಟಿವಿಯಾದರೆ ಅದರೊಳಗಿನ ಡೈನಾಮಿಕ್ ಕಾಂಟ್ರಾಸ್ಟ್, ವಿವಿಡ್ ಮೋಡ್, ಶಾರ್ಪ್‌ನೆಸ್ ಇವನ್ನೆಲ್ಲ ಮೊದಲೇ ಆರಿಸಿರಬೇಕು. ಇಲ್ಲದಿದ್ದರೆ ನೀವು ಇಳಿಸಿದ್ದನ್ನು ಟಿವಿ ಏರಿಸುತ್ತಿರುತ್ತದೆ.

ಕಪ್ಪು-ಬಿಳುಪು ಚಿತ್ರಗಳಿಗೆ ಇನ್ನೊಂದು ಸಣ್ಣ ಉಪಾಯ. ವಿಸಿಡಿಯಲ್ಲಿ ಒತ್ತಿದಾಗ ಬೂದುಬಣ್ಣದ ಮೇಲೆ ತೆಳ್ಳಗೆ ಹಸಿರು, ಗುಲಾಬಿ ಕಲೆಗಳು ತೇಲಾಡುತ್ತವೆ. ಬಣ್ಣದ ಗಾಢತೆಯನ್ನು −100ಕ್ಕೆ ಇಳಿಸಿದರೆ ಅವೆಲ್ಲ ಒಮ್ಮೆಗೇ ಹೋಗುತ್ತವೆ. ಬಣ್ಣವೇ ಇಲ್ಲದ ಚಿತ್ರದಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ಈಗ ಶೇಡರ್‌ಗೆ ಬರೋಣ. ಶೇಡರ್ ಎಂದರೆ ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್ಪಿನ ಮೇಲೆ ಓಡುವ ಪುಟ್ಟ ಪ್ರೋಗ್ರಾಮು. ಚಿತ್ರ ಪರದೆಗೆ ಹೋಗುವ ದಾರಿಯಲ್ಲಿ ಪ್ರತಿ ಚುಕ್ಕೆಯನ್ನೂ ಲೆಕ್ಕ ಹಾಕಿ ಬದಲಿಸುತ್ತದೆ. ಮಾಮೂಲಿ ಪ್ಲೇಯರ್ ಚಿತ್ರ ಹಿಗ್ಗಿಸುವಾಗ ಅಕ್ಕಪಕ್ಕದ ಚುಕ್ಕೆಗಳ ಸರಾಸರಿಯನ್ನು ನಡುವೆ ತುಂಬುತ್ತದೆ. ಅದಕ್ಕೇ ಅಂಚುಗಳು ಕರಗಿದಂತೆ ಕಾಣುವುದು. ಎಫ್‌ಎಸ್‌ಆರ್‌ಸಿಎನ್‌ಎನ್‌ಎಕ್ಸ್ ಎಂಬ ಉದ್ದ ಹೆಸರಿನ ಶೇಡರ್ ಹಾಗಲ್ಲ. ಚೂಪಾದ ಚಿತ್ರಗಳನ್ನೂ ಅವುಗಳ ಕುಗ್ಗಿಸಿದ ಪ್ರತಿಗಳನ್ನೂ ಮೊದಲೇ ಜೋಡಿಯಾಗಿಟ್ಟು, ಇಂಥ ಸಣ್ಣ ಗೆರೆ ದೊಡ್ಡದಾದಾಗ ಹೇಗಿರಬೇಕು ಎಂಬುದರ ಲೆಕ್ಕವನ್ನು ಅದರಲ್ಲಿ ತುಂಬಿರುತ್ತಾರೆ. ಅದು ಚಿತ್ರವನ್ನು ಸರಿಯಾಗಿ ಎರಡು ಪಟ್ಟು ಮಾಡುತ್ತದೆ. 288 ಗೆರೆ 576 ಆಗುತ್ತದೆ, ಅಲ್ಲಿಂದ 1080ಕ್ಕೆ ಪ್ಲೇಯರಿನ ಮಾಮೂಲಿ ಹಿಗ್ಗಿಸುವಿಕೆಯೇ ಕೊಂಡೊಯ್ಯುತ್ತದೆ. ಆನಿಮೆ4ಕೆ ಎಂಬ ಇನ್ನೊಂದು ಹೆಸರು ಎಲ್ಲೆಡೆ ಕೇಳುತ್ತದೆ. ಅದು ಗೆರೆಯಲ್ಲಿ ಬರೆದ ಕಾರ್ಟೂನುಗಳಿಗೆ ಮಾಡಿದ್ದು, ರಾಜ್‌ಕುಮಾರ್ ಮುಖಕ್ಕೆ ಹಾಕಬೇಡಿ.

ಶೇಡರ್ ಫೈಲನ್ನು ಎಂಪಿವಿಯ ಸೆಟ್ಟಿಂಗ್ ಫೋಲ್ಡರಿನೊಳಗೆ `shaders` ಎಂಬ ಫೋಲ್ಡರಿಗೆ ಹಾಕಬೇಕು. ನನ್ನ ಅಭ್ಯಾಸವೆಂದರೆ ಪ್ರತಿ ಚಿತ್ರಕ್ಕೂ ಬೇರೆ ಸೆಟ್ಟಿಂಗ್ ಫೈಲು, ಯಾಕೆಂದರೆ ಒಂದು ಡಿಸ್ಕಿನ ಲೆಕ್ಕ ಇನ್ನೊಂದಕ್ಕೆ ಹೊಂದುವುದೇ ಇಲ್ಲ. ಚಿತ್ರದ ಫೈಲು `bedara.mpg` ಆಗಿದ್ದರೆ, ಅದೇ ಸೆಟ್ಟಿಂಗ್ ಫೋಲ್ಡರಿನಲ್ಲಿ `bedara.mpg.conf` ಎಂಬ ಹೆಸರಿನಲ್ಲಿ ಕೆಳಗಿನದನ್ನು ಬರೆದಿಟ್ಟು, ಅಲ್ಲಿನ `mpv.conf` ಫೈಲಿನಲ್ಲಿ `use-filedir-conf=yes` ಎಂಬ ಸಾಲು ಸೇರಿಸಿದರೆ ಆ ಚಿತ್ರ ತೆರೆದಾಗಲೆಲ್ಲ ಎಂಪಿವಿ ತಾನೇ ಓದಿಕೊಳ್ಳುತ್ತದೆ:

```
contrast=20
brightness=-8
gamma=8
saturation=-100
deband=yes
vf=lavfi=[deblock=filter=weak:block=8]
glsl-shader="~~/shaders/FSRCNNX_x2_8-0-4-1.glsl"
```

ಮೇಲಿನ ನಾಲ್ಕು ಸಾಲು ಈಗಾಗಲೇ ಗೊತ್ತು, ಅಲ್ಲಿ ನಿಮ್ಮ ಪ್ರತಿಯ ಲೆಕ್ಕ ಹಾಕಿಕೊಳ್ಳಿ. `deband` ನೆರಳಿನ ಮೆಟ್ಟಿಲು ಪಟ್ಟೆಗಳನ್ನು ನುಣುಪು ಮಾಡಿ ಮೇಲೆ ಸ್ವಲ್ಪ ಕಾಳು ಉದುರಿಸುತ್ತದೆ. ಹಳೆಯ ಫಿಲ್ಮಿಗೆ ಆ ಕಾಳು ಒಪ್ಪುತ್ತದೆ. `deblock` ಸಾಲು ಎಲ್ಲಕ್ಕಿಂತ ಮುಖ್ಯ. ಶೇಡರಿಗೆ ಅಂಚು ಎಂದರೆ ಅಂಚು. ಅದು ನಾಯಕಿ ಪಂಡರಿಬಾಯಿಯವರ ಸೀರೆಯಂಚೋ, ಒತ್ತುವಾಗ ಉಳಿದ 8×8 ಚೌಕದ ಅಂಚೋ ಎಂದು ಅದಕ್ಕೆ ತಿಳಿಯದು, ಎರಡನ್ನೂ ಒಂದೇ ನಿಷ್ಠೆಯಿಂದ ತಿದ್ದಿ ಚೂಪು ಮಾಡುತ್ತದೆ. ಆದ್ದರಿಂದ ಚೌಕಗಳನ್ನು ಅದರ ಕೈಗೆ ಕೊಡುವ ಮೊದಲೇ ಅಳಿಸಬೇಕು. `weak` ಸಾಲದಿದ್ದರೆ `strong` ಎಂದು ಬರೆಯಬಹುದು, ಆದರೆ ಆಗ ಕೂದಲೂ ಗಡ್ಡವೂ ಸ್ವಲ್ಪ ಕರಗುತ್ತವೆ.

ಶೇಡರ್ ಒಳ್ಳೆಯದು ಮಾಡುತ್ತಿದೆಯೇ ಎಂದು ತಿಳಿಯಬೇಕಾದರೆ ಹಾಕಿ ತೆಗೆದು ನೋಡಬೇಕು. ಅದೇ ಫೋಲ್ಡರಿನ `input.conf` ಫೈಲಿನಲ್ಲಿ ಈ ಒಂದು ಸಾಲು ಬರೆದರೆ ಕಂಟ್ರೋಲ್ ಮತ್ತು 1 ಒಟ್ಟಿಗೆ ಒತ್ತಿದಾಗ ಶೇಡರ್ ಬಂದು ಹೋಗುತ್ತದೆ:

```
CTRL+1 change-list glsl-shaders toggle "~~/shaders/FSRCNNX_x2_8-0-4-1.glsl"
```

ನೋಡಲು ಎರಡು ಜಾಗ ಹೇಳುತ್ತೇನೆ. ಮೊದಲನೆಯದು ಆರಂಭದ ಹೆಸರುಗಳ ಕಾರ್ಡು. ಕನ್ನಡ ಅಕ್ಷರದಲ್ಲಿ ಒತ್ತು, ಕೊಂಬು, ದೀರ್ಘಗಳ ಸುಳಿಗಳೊಳಗೆ ಸಣ್ಣ ಸಣ್ಣ ಖಾಲಿ ಜಾಗಗಳಿರುತ್ತವೆ. ಶೇಡರ್ ಹಾಕಿದಾಗ ಆ ಖಾಲಿಗಳು ತೆರೆದುಕೊಂಡು ಹೆಸರು ಸಲೀಸಾಗಿ ಓದಿಸಿಕೊಂಡರೆ ಒಳ್ಳೆಯದಾಗಿದೆ. ಸುಳಿಗಳು ಮುಚ್ಚಿ ದಪ್ಪ ಮುದ್ದೆಯಾದರೆ ಅದರ ಊಹೆ ತಪ್ಪಿದೆ. ಎರಡನೆಯದು ಹತ್ತಿರದಿಂದ ತೆಗೆದ ಮುಖ. ಹುಬ್ಬು ಎಳೆಯೆಳೆಯಾಗಿರುವ ಬದಲು ಇದ್ದಿಲಿನಲ್ಲಿ ಎಳೆದ ಒಂದೇ ಗೆರೆಯಾದರೆ, ಕೆನ್ನೆ ಮೇಣದಂತೆ ನುಣ್ಣಗಾದರೆ ಶೇಡರ್ ತೆಗೆದುಬಿಡಿ. ಪಂಡಿತರು ಏನೇ ಹೇಳಲಿ, ಮೇಣದ ರಾಜ್‌ಕುಮಾರ್‌ಗಿಂತ ಸ್ವಲ್ಪ ಮಸುಕಾದ ರಾಜ್‌ಕುಮಾರ್ ಮೇಲು. ಇದೇ ಕಾರಣಕ್ಕೆ ಶೇಡರನ್ನು ಎರಡು ಸಲ ಹಾಕಿ ನಾಲ್ಕು ಪಟ್ಟು ಮಾಡುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಸಲದ ತಪ್ಪನ್ನು ಎರಡನೆಯ ಸಲ ಅದು ನಿಜವೆಂದು ನಂಬಿ ತಿದ್ದುತ್ತದೆ.

‘ನಮ್ಮದು ಹಳೇ ಲ್ಯಾಪ್‌ಟಾಪು, ಇದೆಲ್ಲ ಓಡುತ್ತದಾ’ ಎಂದು ಶಿರಾದ ಹುಡುಗನೊಬ್ಬ ಕೇಳಿದ್ದ. ಬಹುಪಾಲು ಓಡುತ್ತದೆ. ಇಂಥ ಶೇಡರಿನ ಕೆಲಸ ಮೂಲ ಚಿತ್ರದ ಚುಕ್ಕೆಗಳ ಲೆಕ್ಕದಲ್ಲಿ ಏರುತ್ತದೆ. 1280×720ರ ಫೈಲಿನಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಚುಕ್ಕೆ, ನಮ್ಮ ವಿಸಿಡಿಯಲ್ಲಿ ಬರೀ ಒಂದು ಲಕ್ಷ. ಹೊಸ ಚಿತ್ರಕ್ಕೆ ಏದುಸಿರು ಬಿಡುವ ಯಂತ್ರ ಹಳೆಯ ಚಿತ್ರಕ್ಕೆ ಆರಾಮವಾಗಿರುತ್ತದೆ. ಅನುಮಾನವಿದ್ದರೆ ಚಿತ್ರ ಓಡುವಾಗ ಶಿಫ್ಟ್ ಹಿಡಿದು `I` ಒತ್ತಿ. ಪರದೆಯ ಮೇಲೆ ಅಂಕಿಅಂಶ ಬರುತ್ತದೆ. ಅದರಲ್ಲಿ `Dropped Frames` ಎಂಬುದರ ಮುಂದಿನ ಸಂಖ್ಯೆ ಏರುತ್ತಲೇ ಹೋದರೆ ಯಂತ್ರ ಸೋಲುತ್ತಿದೆ. ಸೆಕೆಂಡಿಗೆ 25 ಚೌಕಟ್ಟಿನ ಚಿತ್ರದಲ್ಲಿ ಒಂದು ಚೌಕಟ್ಟಿಗೆ ಸಿಗುವ ಸಮಯ 40 ಮಿಲಿಸೆಕೆಂಡು, ಎಲ್ಲ ಲೆಕ್ಕವೂ ಅಷ್ಟರೊಳಗೆ ಮುಗಿಯಬೇಕು.

ಡಿವಿಡಿ ಇದ್ದವರು ಇನ್ನೊಂದು ನೋಡಿಕೊಳ್ಳಬೇಕು. ಅಲ್ಲಿ 720×576 ಚುಕ್ಕೆಗಳಿರುತ್ತವೆ, ಆದರೆ ಬಹಳ ಡಿಸ್ಕುಗಳಲ್ಲಿ ಒಂದು ಚೌಕಟ್ಟನ್ನು ಸಮ ಗೆರೆ, ಬೆಸ ಗೆರೆ ಎಂದು ಎರಡು ಕಂತಿನಲ್ಲಿ ತುಂಬಿರುತ್ತಾರೆ. ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಅದೇ. `d` ಒತ್ತಿದರೆ ಎಂಪಿವಿ ಅದನ್ನು ಬಿಡಿಸುತ್ತದೆ. ಬಿಡಿಸದೆ ಶೇಡರ್ ಹಾಕಿದರೆ ಹಲ್ಲುಗಳು ಇನ್ನೂ ಚೂಪಾಗುತ್ತವೆ.

ಕಡೆಯದಾಗಿ, ಹೆಚ್ಚು ಮಂದಿಯ ಕೈಯಲ್ಲಿ ಈಗಿರುವುದು ಡಿಸ್ಕಲ್ಲ, ಯಾರೋ 720 ಗೆರೆಗೆ ಹಿಗ್ಗಿಸಿಟ್ಟ ಫೈಲು. ಅದು ವಿಸಿಡಿಯೇ, ದೊಡ್ಡ ಅಂಗಿ ತೊಟ್ಟಿದೆ ಅಷ್ಟೆ. ಆಗಲೇ ಕರಗಿದ ಅಂಚನ್ನು ಶೇಡರ್ ಎಷ್ಟು ದೊಡ್ಡದು ಮಾಡಿದರೂ ಕರಗಿದ ಅಂಚೇ. ಅಂಥ ಫೈಲನ್ನು ಮೊದಲು ಕುಗ್ಗಿಸಿ, ಆಮೇಲೆ ಶೇಡರಿಗೆ ಕೊಡಬೇಕು. `deblock` ಸಾಲಿನ ಜಾಗದಲ್ಲಿ ಇದನ್ನು ಹಾಕಿ:

```
vf=lavfi=[scale=-2:360]
```

360ಕ್ಕೆ ಇಳಿಸಿದಾಗ ಹೆಸರಿನ ಕಾರ್ಡಿನಲ್ಲಿ ಏನಾದರೂ ಕಳೆದುಹೋಯಿತು ಎನಿಸಿದರೆ 480 ಮಾಡಿ ನೋಡಿ. ಏನೂ ಕಳೆಯದಿದ್ದರೆ ಆ ಫೈಲಿನಲ್ಲಿ ಮೊದಲಿನಿಂದಲೂ ಇದ್ದದ್ದು ಅಷ್ಟೇ.

ಇಂಥ ಫೈಲುಗಳಲ್ಲಿ ಎಡಬಲದ ಕಪ್ಪು ಪಟ್ಟಿಗಳು ಫೈಲಿನೊಳಗೇ ಸೇರಿಹೋಗಿರುವುದುಂಟು, ಆಗ ಕಪ್ಪಿನ ಪರೀಕ್ಷೆ ಸ್ವಲ್ಪ ಬದಲಾಗುತ್ತದೆ. ಪಟ್ಟಿ ಕಪ್ಪಾಗಿದ್ದು ಚಿತ್ರ ಮಾತ್ರ ಬೂದಿಯಾಗಿದ್ದರೆ ದೋಷ ಹಳೆಯ ಪ್ರಿಂಟಿನದೋ ಟೇಪಿನದೋ, ಮೇಲೆ ಹೇಳಿದ ಮೂರು ಗುಂಡಿಗಳೇ ಸಾಕು. ಪಟ್ಟಿಯೂ ಬೂದಿಯಾಗಿದ್ದರೆ ಗುಂಡಿ ಮುಟ್ಟಬೇಡಿ. ವಿಡಿಯೋದಲ್ಲಿ ಕಪ್ಪನ್ನು 16, ಬಿಳಿಯನ್ನು 235 ಎಂದು ಬರೆಯುವುದು ಪದ್ಧತಿ. ಆ ಫೈಲನ್ನು ಪ್ಲೇಯರ್ 0ಯಿಂದ 255ರ ಅಳತೆಯಲ್ಲಿ ಓದುತ್ತಿದೆ, 16 ಅದಕ್ಕೆ ಬೂದಿಯಾಗಿ ಕಾಣುತ್ತಿದೆ. `vf` ಸಾಲಿನಲ್ಲಿ ಕುಗ್ಗಿಸುವ ಮಾತಿನ ಜೊತೆಗೆ ಅಳತೆಯನ್ನೂ ಹೇಳಿಬಿಡಿ:

```
vf=format=colorlevels=limited,lavfi=[scale=-2:360]
```

ಪಟ್ಟಿ ಕಪ್ಪಾದ ಮೇಲೆ ಕಾಂಟ್ರಾಸ್ಟ್, ಬ್ರೈಟ್‌ನೆಸ್, ಗಾಮಾ ಮೂರನ್ನೂ ಸೊನ್ನೆಗೆ ತಂದು ಮತ್ತೆ ಮೊದಲಿನಿಂದ ಹೊಂದಿಸಿ. ಈ ಫೈಲುಗಳಿಗೆ ಬಹುತೇಕ ಗಾಮಾ ಒಂದನ್ನು ನಾಲ್ಕೈದರಷ್ಟು ಏರಿಸಿದರೆ ಸಾಕಾಗುತ್ತದೆ.